ಅರ್ಥ ಕೆಟ್ಟಿದ್ದು ರಾಗದಲ್ಲಿ ಅಲ್ಲ, ಉಸಿರು ತೆಗೆದುಕೊಂಡ ಜಾಗದಲ್ಲಿ

ಓದುಗರ ಪ್ರಶ್ನೆ: ನಮಸ್ಕಾರ ಗುರುಗಳೇ. ನಾನು ಮಂಡ್ಯದಲ್ಲಿ ಪ್ರೌಢಶಾಲೆಯ ಕನ್ನಡ ಮೇಷ್ಟ್ರು. ಗೌರಿಹಬ್ಬಕ್ಕೆ ತಂಗಿಯ ಮನೆಗೆ ಬಾಗಿನ ತರುತ್ತೇನೆಂದು ಹೇಳಿ ಹೋಗದೇ ಉಳಿದ ಒಂದು ವರ್ಷ ಈ ಕವನ ಬರೆದೆ. ಮೂರು ನುಡಿಗಳಿವೆ. ಮೊದಲ ನುಡಿ ಹೀಗಿದೆ:

ನಿನ್ನ ಊರ ದಾರಿಯನ್ನು ಮರೆಯಲಾರೆ ನಾ
ಬರುವೆನೆಂದ ಮಾತನೊಂದ ನಡೆಸಲಿಲ್ಲ ನಾ
ಗೌರಿಹಬ್ಬ ಕಳೆದ ಮೇಲೆ ಹೊರಟು ನಿಂತೆ ನಾ
ಬಾಗಿಲಲ್ಲಿ ನಿಂತ ನಿನ್ನ ನೋಡಲಾರೆ ನಾ

ನಮ್ಮ ಶಾಲೆಯ ಸಂಗೀತ ಮೇಷ್ಟ್ರು ಇದಕ್ಕೆ ಬಾಗೇಶ್ರೀ ರಾಗದಲ್ಲಿ ಸ್ವರ ಹಾಕಿದರು. ರಾಜ್ಯೋತ್ಸವದ ದಿನ ಅವರ ಶಿಷ್ಯೆ ಬಹಳ ಇಂಪಾಗಿ ಹಾಡಿದಳು. ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೂ ಕೇಳಿದವರೆಲ್ಲ ಒಳ್ಳೆಯ ಪ್ರೇಮಗೀತೆ ಎಂದರು. ನನ್ನ ತಂಗಿಯೇ ಕೇಳಿ, "ಯಾರಿಗಣ್ಣಾ ಬರೆದಿದ್ದು ಇದು?" ಎಂದಳು. ರಾಗ ಬದಲಿಸಬೇಕೆಂದು ಒಬ್ಬರು, ನಾಡಗೀತೆಯ ಹಾಗೆ ಒಂದು ಸಾಲನ್ನೂ ಮತ್ತೆ ಹಾಡದಿದ್ದರೆ ಸರಿಹೋಗುತ್ತದೆಂದು ಇನ್ನೊಬ್ಬರು ಹೇಳುತ್ತಾರೆ. ಧ್ವನಿಮುದ್ರಣ ಕಳಿಸಿದ್ದೇನೆ. ಎಲ್ಲಿ ತಪ್ಪಿದೆ? ಯಾರು ಏನನ್ನು ಬದಲಿಸಬೇಕು?

ಉತ್ತರ:

ಮೇಷ್ಟ್ರೇ, ರಾಗವನ್ನು ಬದಲಿಸಬೇಡಿ. ಬಾಗೇಶ್ರೀಗೆ ವಿರಹದ ಹೆಸರು ಅಂಟಿಕೊಂಡಿರುವುದು ನಿಜ. ಹಿಂದೂಸ್ತಾನಿ ಪದ್ಧತಿಯಲ್ಲಿ ಅದು ರಾತ್ರಿಯ ರಾಗ, ನಲ್ಲನಿಗಾಗಿ ಕಾಯುವವಳ ಬಂದಿಶ್‌ಗಳು ಅದರಲ್ಲಿ ಹೇರಳವಾಗಿವೆ. ಆದರೆ ಸಭೆಯಲ್ಲಿ ಕುಳಿತು ಕೇಳಿದವರಲ್ಲಿ ಹೆಚ್ಚಿನವರಿಗೆ ಅದು ಬಾಗೇಶ್ರೀ ಎಂಬುದೇ ಗೊತ್ತಿರಲಾರದು. ಅವರು ಪ್ರೇಮಗೀತೆ ಎಂದದ್ದು ಮಾತನ್ನು ಕೇಳಿ. ಅಕ್ಷರಗಳೆಲ್ಲ ನಿಮ್ಮವೇ ಆಗಿದ್ದರೂ ಹಾಡಿನಲ್ಲಿ ಅವು ಬೇರೆ ವಾಕ್ಯಗಳಾಗಿ ಕೂಡಿಕೊಂಡಿವೆ. ಧ್ವನಿಮುದ್ರಣವನ್ನು ನಿಮ್ಮ ಕವನದ ಹಾಳೆ ಮುಂದಿಟ್ಟುಕೊಳ್ಳದೆ ಒಮ್ಮೆ, ಇಟ್ಟುಕೊಂಡು ಇನ್ನೊಮ್ಮೆ ಕೇಳಿದೆ. ಹಾಳೆಯಿಲ್ಲದೆ ಕೇಳಿದಾಗ ನನಗೂ ಒಬ್ಬ ಹೆಣ್ಣುಮಗಳು ಬಾರದ ನಲ್ಲನನ್ನು ನೆನೆಯುವ ಹಾಡೇ ಕೇಳಿಸಿತು.

ಮೊದಲು ಎರಡನೆಯ ಸಾಲನ್ನು ನೋಡೋಣ, ಏಕೆಂದರೆ ಹೆಚ್ಚಿನ ಹಾನಿ ಆಗಿರುವುದು ಅಲ್ಲೇ. ಹಾಡುವಾಕೆ "ಬರುವೆನೆಂದ" ಎಂದು ಹೇಳಿ, ಕೊನೆಯ ಅಕಾರವನ್ನು ಸ್ವಲ್ಪ ಎಳೆದು, ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾಳೆ. ಆ ಬಿಡುವಿನಲ್ಲಿ ಕೊಳಲಿನವರು ಒಂದು ಸಣ್ಣ ತುಣುಕು ನುಡಿಸುತ್ತಾರೆ. ಆಮೇಲೆ ಅವಳು ಮತ್ತೆ "ಬರುವೆನೆಂದ" ಎನ್ನುತ್ತಾಳೆ. ಮೂರನೆಯ ಸಲ ಮಾತ್ರ ಸಾಲು ಮುಂದುವರಿದು "ಮಾತನೊಂದ ನಡೆಸಲಿಲ್ಲ ನಾ" ಎಂದು ಮುಗಿಯುತ್ತದೆ. ನಿಮ್ಮ ಪದ್ಯದಲ್ಲಿ "ಎಂದ" ಎಂಬುದು ಮುಂದಿನ "ಮಾತು" ಎಂಬ ನಾಮಪದವನ್ನು ಹಿಡಿದುಕೊಂಡಿರುವ ಕೃದಂತ. ಬರುವೆನೆಂದು ನಾನೇ ಹೇಳಿದ ಮಾತು ಎಂಬುದು ಅದರ ತಾತ್ಪರ್ಯ. ಆದರೆ ಕನ್ನಡದಲ್ಲಿ ಇದೇ ರೂಪ ಪೂರ್ಣ ಕ್ರಿಯಾಪದವೂ ಹೌದು: ಅವನು ಬರುವೆನೆಂದ. ಓದುವಾಗ ಕಣ್ಣು ಮುಂದಿನ ಪದವನ್ನು ಆಗಲೇ ಕಂಡಿರುವುದರಿಂದ ಈ ಎರಡನೆಯ ಅರ್ಥ ಏಳುವುದೇ ಇಲ್ಲ. ಕೇಳುವವನಿಗೆ ಮುಂದಿನ ಪದ ಇನ್ನೂ ಬಂದಿಲ್ಲ. ಅವನ ಕಿವಿಗೆ ಬಿದ್ದದ್ದು "ಬರುವೆನೆಂದ", ಆಮೇಲೆ ನಿಶ್ಶಬ್ದ, ಆಮೇಲೆ ಕೊಳಲು. ವಾಕ್ಯ ಮುಗಿಯಿತು ಎಂದೇ ಅವನು ತಿಳಿಯುತ್ತಾನೆ, ಹಾಗೆ ತಿಳಿಯುವುದು ತಪ್ಪೂ ಅಲ್ಲ. ಅದನ್ನೇ ಇನ್ನೊಮ್ಮೆ ಹೇಳಿದಾಗ ಸಂಶಯಕ್ಕೆ ಎಡೆಯೇ ಉಳಿಯುವುದಿಲ್ಲ. ಯಾರೋ ಒಬ್ಬ ಗಂಡಸು ಬರುವೆನೆಂದು ಹೇಳಿ ಹೋಗಿದ್ದಾನೆ, ಹಾಡುತ್ತಿರುವವಳು ಹೆಣ್ಣು, ಹಿನ್ನೆಲೆಯಲ್ಲಿ ಬಾಗೇಶ್ರೀ. ಇಷ್ಟಾದ ಮೇಲೆ ಉಳಿದ ಕಥೆಯನ್ನು ಕೇಳುಗನೇ ಕಟ್ಟಿಕೊಳ್ಳುತ್ತಾನೆ.

ನಾಲ್ಕನೆಯ ಸಾಲು ಆ ಕಥೆಯನ್ನು ಪೂರ್ತಿ ಮಾಡಿಕೊಡುತ್ತದೆ. "ಬಾಗಿಲಲ್ಲಿ ನಿಂತ ನಿನ್ನ" ಎಂಬಲ್ಲಿ ಬಾಗಿಲಲ್ಲಿ ನಿಂತಿರುವವಳು ತಂಗಿ. ಸ್ವರ ಹಾಕಿದವರು "ನಿನ್ನ" ಎಂಬ ಪದವನ್ನು ತಾರ ಷಡ್ಜಕ್ಕೆ ಒಮ್ಮೆಗೇ ಏರಿಸಿದ್ದಾರೆ. ಎತ್ತರದ ಸ್ವರಕ್ಕೆ ಹಾರುವ ಮುಂಚೆ ಯಾವ ಗಾಯಕರಾದರೂ ತಮಗೆ ಅರಿವಿಲ್ಲದೆಯೇ ಒಂದು ಉಸಿರು ತೆಗೆದುಕೊಳ್ಳುತ್ತಾರೆ, ಈ ಹುಡುಗಿಯೂ ತೆಗೆದುಕೊಂಡಿದ್ದಾಳೆ. ಆಗ "ಬಾಗಿಲಲ್ಲಿ ನಿಂತ" ಎಂಬುದು ತುಂಡಾಗಿ, ಅವನು ಬಾಗಿಲಲ್ಲಿ ಬಂದು ನಿಂತ ಎಂದಾಯಿತು. ಬರುವೆನೆಂದವನು ಕೊನೆಗೂ ಬಂದು ಬಾಗಿಲಲ್ಲಿ ನಿಂತನಲ್ಲ ಎಂದು ಸಭೆಗೆ ಸಂತೋಷವೇ ಆಗಿರಬೇಕು.

ಮೂರನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು, ಅದು "ಮರೆಯಲಾರೆ" ಮತ್ತು "ನೋಡಲಾರೆ" ಎಂಬಲ್ಲಿದೆ. ಕನ್ನಡದಲ್ಲಿ ನಿಷೇಧ ಪದದ ಬಾಲದಲ್ಲಿ ಬರುತ್ತದೆ. ಮರೆಯುವ ಮಾತು ಮೊದಲು ಬಂದುಬಿಡುತ್ತದೆ, ಇಲ್ಲ ಎಂಬುದು ಕೊನೆಯ ಅಕ್ಷರದವರೆಗೆ ಕಾಯಬೇಕು. ಹಾಡಿನಲ್ಲಿ "ಮರೆಯ" ಎಂಬುದು ಗಾಂಧಾರ, ಮಧ್ಯಮ, ಧೈವತಗಳ ಮೇಲೆ ಮೆಟ್ಟಿಲು ಹತ್ತಿ, "ಲಾ" ನಿಷಾದದಿಂದ ತಾರ ಷಡ್ಜಕ್ಕೆ ಜಾರಿ ಅಲ್ಲಿಯೇ ನಾಲ್ಕು ಮಾತ್ರೆ ನಿಲ್ಲುತ್ತದೆ. ಅಲ್ಲಿ ಉಸಿರು. "ರೆ ನಾ" ತಾಳದ ಮುಂದಿನ ಸುತ್ತಿನಲ್ಲಿ, ಅಂದರೆ ಮುಂದಿನ ಆವರ್ತದಲ್ಲಿ ಬರುತ್ತದೆ. ಮೇಲಕ್ಕೇರಿ ತೆರೆದುಕೊಂಡು ನಿಂತ "ಮರೆಯಲಾ" ಎಂಬುದನ್ನು ನಮ್ಮ ಮೈಸೂರು ಮಂಡ್ಯ ಸೀಮೆಯ ಯಾರು ಕೇಳಿದರೂ ಅದು ಪ್ರಶ್ನೆ: ನಾನು ಮರೆಯಲೇ? "ನೋಡಲಾ" ಎಂಬುದೂ ಹಾಗೆಯೇ, ನಿನ್ನನ್ನು ನೋಡಲೇ ಎಂದು ಅನುಮತಿ ಕೇಳಿದಂತೆ. (ಏನ್ಲಾ, ಬಾರ್ಲಾ ಎಂದು ಕರೆದುಕೊಂಡು ಬೆಳೆದ ಮಂಡ್ಯದ ಕಿವಿಗಂತೂ ಕೊನೆಯಲ್ಲಿ ಎಳೆದು ನಿಲ್ಲಿಸಿದ "ಲಾ" ಮಾತು ಮುಗಿದದ್ದರ ಗುರುತು.) ತಡವಾಗಿ ಬಂದ "ರೆ" ಆ ಪ್ರಶ್ನೆಯನ್ನು ಅಳಿಸಲಾರದು. ನಾಚಿಕೆಯಿಂದ ತಂಗಿಯ ಮುಖ ನೋಡಲಾಗದ ಅಣ್ಣ ಹೀಗೆ ನೋಡಲು ಹಾತೊರೆಯುವ ಪ್ರೇಮಿಯಾಗಿಬಿಟ್ಟಿದ್ದಾನೆ.

ಇದೆಲ್ಲ ಹಾಡುವಾಕೆಯ ಅಜಾಗರೂಕತೆಯಿಂದ ಆದದ್ದಲ್ಲ. ಅವಳು ಎಲ್ಲೆಲ್ಲಿ ಉಸಿರು ತೆಗೆದುಕೊಂಡಿದ್ದಾಳೋ ಅಲ್ಲಲ್ಲಿ ಉಸಿರು ತೆಗೆದುಕೊಳ್ಳದೆ ಬೇರೆ ದಾರಿಯೇ ಇಲ್ಲದ ಹಾಗೆ ಧಾಟಿ ಕಟ್ಟಲಾಗಿದೆ. ಅದಕ್ಕೆ ಮೂಲ ಕಾರಣ ತಾಳದ ಆಯ್ಕೆ.

ನಿಮ್ಮ ಸಾಲುಗಳು ಮೂರು ಮಾತ್ರೆಯ ಗಣಗಳಲ್ಲಿ ನಡೆಯುತ್ತವೆ: ನಿನ್ನ, ಊರ, ದಾರಿ, ಯನ್ನು, ಮರೆಯ, ಲಾರೆ, ಕೊನೆಗೆ ಎರಡು ಮಾತ್ರೆಯ ನಾ. ಒಟ್ಟು ಇಪ್ಪತ್ತು ಮಾತ್ರೆ. ಇಂಥ ನಡೆಗೆ ಸಹಜವಾಗಿ ಒದಗುವುದು ಆರು ಮಾತ್ರೆಯ ದಾದ್ರಾ. ಒಂದು ಆವರ್ತಕ್ಕೆ ಎರಡು ಗಣ ಕೂರುತ್ತವೆ, ನಾಲ್ಕನೆಯ ಆವರ್ತದ ಮೊದಲ ಮಾತ್ರೆಯಾದ ಸಮದ ಮೇಲೆ "ನಾ" ಬರುತ್ತದೆ, ಉಳಿದ ನಾಲ್ಕು ಮಾತ್ರೆ ಬಿಡುವು. ಆದರೆ ನಿಮ್ಮ ಸಂಗೀತ ಮೇಷ್ಟ್ರು ಎಂಟು ಮಾತ್ರೆಯ ಕೆಹರವಾ ಆರಿಸಿದ್ದಾರೆ. ಆಗ ಮೂರು ಮಾತ್ರೆಯ ಪ್ರತಿಯೊಂದು ಗಣವನ್ನೂ ನಾಲ್ಕಕ್ಕೆ ಎಳೆಯಬೇಕು. ಆ ಎಳೆತ ಕಿವಿಗೆ ಹಿತವಾಗಿಯೇ ಇರುತ್ತದೆ, ಭಾವಗೀತೆಗಳಲ್ಲಿ ಬಹಳ ಮಂದಿ ಅದನ್ನು ಬಳಸುತ್ತಾರೆ. ಬೆಲೆ ಕೊಡಬೇಕಾದದ್ದು ಉಸಿರಿನಲ್ಲಿ. ಧ್ವನಿಮುದ್ರಣದಲ್ಲಿ ಒಂದು ಮಾತ್ರೆಗೆ ಸುಮಾರು ಅರ್ಧ ಸೆಕೆಂಡು ಹಿಡಿದಿದೆ. ದಾದ್ರಾದಲ್ಲಿ ಇದೇ ಲಯಕ್ಕೆ ಹತ್ತು ಸೆಕೆಂಡಿನಲ್ಲಿ ಮುಗಿಯುವ ಸಾಲು ಇಲ್ಲಿ ಹದಿಮೂರು ಸೆಕೆಂಡು ದಾಟುತ್ತದೆ. ಒಳ್ಳೆಯ ಅಭ್ಯಾಸ ಇರುವವರು ಹತ್ತು ಹನ್ನೆರಡು ಸೆಕೆಂಡು ಒಂದೇ ಉಸಿರಿನಲ್ಲಿ ಹಾಡಬಲ್ಲರು. ಆದರೆ ನನ್ನ ಬಳಿ ಕಲಿಯುವ ಮಕ್ಕಳಲ್ಲಿ ಹೆಚ್ಚಿನವರಿಗೆ ಆರೆಂಟು ಸೆಕೆಂಡು ಕಳೆಯುತ್ತಿದ್ದಂತೆ ಸ್ವರ ತೆಳುವಾಗತೊಡಗುತ್ತದೆ. ಹಾಗಾಗಿ ಸಾಲಿನ ನಡುವೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಎಲ್ಲಿ ನಿಲ್ಲಬೇಕು ಎಂಬುದನ್ನು ಧಾಟಿ ಕಟ್ಟಿದವರು ಮಾತನ್ನು ನೋಡಿ ಗೊತ್ತುಮಾಡದಿದ್ದರೆ ಆವರ್ತವೇ ಗೊತ್ತುಮಾಡುತ್ತದೆ. ಕೆಹರವಾದ ಮೊದಲ ಆವರ್ತ ಸರಿಯಾಗಿ "ಬರುವೆನೆಂದ" ಎಂಬಲ್ಲಿ ಮುಗಿಯುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ತಾಳದ ಕಡಿತ ಬೇರೆ, ಉಸಿರಿನ ಬಿಡುವು ಬೇರೆ. ನಿಮ್ಮ ಎರಡನೆಯ ಸಾಲನ್ನೇ ಗಣ ಹಿಡಿದು ಓದಿದರೆ "ಮಾತ, ನೊಂದ" ಎಂದು ಒಡೆಯುತ್ತದೆ. "ನೊಂದ" ಎಂಬ ದುಃಖದ ಪದ ಅಲ್ಲಿ ಅಡಗಿ ಕೂತಿದೆ. ಆದರೂ ಧ್ವನಿಮುದ್ರಣದಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ, ಏಕೆಂದರೆ ತಬಲಾದ ಪೆಟ್ಟು ಅಲ್ಲಿ ಬಿದ್ದರೂ ಗಾಯಕಿ ಧ್ವನಿಯನ್ನು ಬಿಡದೆ "ಮಾತನೊಂದ" ಎಂದು ಕೂಡಿಸಿ ಹಾಡಿದ್ದಾಳೆ. ಧ್ವನಿ ಮುಂದುವರಿದರೆ ಪದ ಕೂಡಿಕೊಳ್ಳುತ್ತದೆ. ಧ್ವನಿ ನಿಂತು ಆ ಖಾಲಿಯನ್ನು ಇನ್ನೊಂದು ವಾದ್ಯ ತುಂಬಿದಾಗ ಮಾತ್ರ ಪದ ಒಡೆಯುತ್ತದೆ. ಆದ್ದರಿಂದ ತಾಳಕ್ಕೆ ಹೆದರಬೇಕಾಗಿಲ್ಲ, ಅದು ತಂದೊಡ್ಡುವ ಬಿಡುವನ್ನು ಕಾಯ್ದುಕೊಂಡರೆ ಸಾಕು.

ಕಾಯುವುದು ಹೇಗೆ ಎಂಬುದಕ್ಕೆ ನಾನು ಪಾಠದಲ್ಲಿ ಬಳಸುವ ಸೂತ್ರವೊಂದಿದೆ, ನೀವು ವ್ಯಾಕರಣ ಕಲಿಸುವವರಾದ್ದರಿಂದ ನಿಮಗೆ ಸುಲಭವಾಗಿ ಹಿಡಿಯುತ್ತದೆ. ದಾರಿಯನ್ನು, ಬಾಗಿಲಲ್ಲಿ, ಊರಿಗೆ, ಹಬ್ಬದಿಂದ ಎಂದು ವಿಭಕ್ತಿ ಪ್ರತ್ಯಯ ಹಚ್ಚಿಕೊಂಡ ಪದದ ಬಳಿಕ ಎಷ್ಟು ಹೊತ್ತು ನಿಂತರೂ ಕೇಳುಗ ಕಾಯುತ್ತಾನೆ. "ಬಾಗಿಲಲ್ಲಿ" ಎಂದು ನಿಲ್ಲಿಸಿದರೆ, ಬಾಗಿಲಲ್ಲಿ ಏನಾಯಿತು ಎಂಬ ಕುತೂಹಲ ಉಳಿಯುತ್ತದೆಯೇ ಹೊರತು ತಪ್ಪು ಅರ್ಥ ಹುಟ್ಟುವುದಿಲ್ಲ. ಎಂದ, ನಿಂತ, ಕಳೆದ, ಬಂದ, ಕೊಟ್ಟ ಮುಂತಾದ ಭೂತಕಾಲದ ಕೃದಂತಗಳ ಬಳಿಕ ಮಾತ್ರ ನಿಲ್ಲಬಾರದು, ನಿಂತೊಡನೆ ಅವು ಅವನ ಕ್ರಿಯೆಗಳಾಗುತ್ತವೆ. ನಿಮ್ಮ ಮೂರನೆಯ ಸಾಲಿನಲ್ಲಿಯೂ "ಗೌರಿಹಬ್ಬ ಕಳೆದ" ಎಂದು ನಿಲ್ಲಿಸಿದರೆ ಯಾರೋ ಎಲ್ಲೋ ಹಬ್ಬ ಕಳೆದ ಎಂದಾಗುತ್ತದೆ. ಅದೃಷ್ಟವಶಾತ್ ಅಲ್ಲಿ ಅವಳು "ಮೇಲೆ"ಯನ್ನು ಕೂಡಿಸಿಕೊಂಡೇ ಉಸಿರು ತೆಗೆದುಕೊಂಡಿದ್ದಾಳೆ. ಬಾರದ, ನಿಲ್ಲದ ಎಂಬ ನಿಷೇಧದ ಕೃದಂತಗಳಿಗೆ ಈ ಅಪಾಯವಿಲ್ಲ, ಅವು ತಾವಾಗಿ ವಾಕ್ಯವನ್ನು ಮುಗಿಸಲಾರವು.

ಈ ಲೆಕ್ಕದಲ್ಲಿ ನಿಮ್ಮ ಎರಡನೆಯ ಸಾಲಿಗೆ ಸರಿಯಾದ ಬಿಡುವು "ಮಾತನೊಂದ" ಎಂಬುದರ ನಂತರ. ಕೆಹರವಾದಲ್ಲಿಯೇ ಹಾಡಿದರೂ ಅದು ಎಂಟನೆಯ ಸೆಕೆಂಡಿಗೆ, ಎರಡನೆಯ ಆವರ್ತದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಒಂದೇ ಉಸಿರು ಆ ಹುಡುಗಿಗೆ ಕಷ್ಟವೇನೂ ಆಗಲಾರದು. ಕೊಳಲಿನ ತುಣುಕನ್ನೂ ಅಲ್ಲಿಗೇ ಸರಿಸಬಹುದು. ಆಗ ಆ ನಿಶ್ಶಬ್ದವೂ ನಿಮ್ಮ ಕವನದ ಪರವಾಗಿ ಕೆಲಸ ಮಾಡುತ್ತದೆ: ಬರುವೆನೆಂದ ಒಂದು ಮಾತನ್ನು ಏನು ಮಾಡಿದ ಈ ಮನುಷ್ಯ ಎಂದು ಕೇಳುಗ ಕಾಯುತ್ತಾನೆ, "ನಡೆಸಲಿಲ್ಲ" ಬರುತ್ತದೆ. ನಾಲ್ಕನೆಯ ಸಾಲಿನಲ್ಲಿ "ಬಾಗಿಲಲ್ಲಿ" ಎಂಬುದರ ನಂತರ ಉಸಿರು ತೆಗೆದುಕೊಂಡು "ನಿಂತ ನಿನ್ನ" ಎಂಬುದನ್ನು ಒಂದೇ ಎಳೆಯಲ್ಲಿ ಹಾಡಬೇಕು. ಅದಕ್ಕಾಗಿ "ನಿನ್ನ" ಮೇಲಿನ ಹಾರಿಕೆಯನ್ನು ಬಿಟ್ಟು ಧೈವತದಿಂದ ನಿಷಾದ ದಾಟಿ ಷಡ್ಜಕ್ಕೆ ಜಾರಿಸಿಕೊಂಡು ಹೋದರೆ ಸಾಕು, ನಡುವೆ ಉಸಿರು ಬೇಕೆನಿಸುವುದಿಲ್ಲ.

"ಮರೆಯಲಾರೆ"ಗೆ ಉಸಿರು ಸರಿಸಿದರೆ ಸಾಲದು, ಸ್ವರವನ್ನೂ ಮುಟ್ಟಬೇಕು. "ಲಾ" ತಾರ ಷಡ್ಜಕ್ಕೆ ಏರದೆ ಧೈವತದಲ್ಲಿಯೇ ಉಳಿಯಲಿ, "ರೆ" ಮಧ್ಯಮಕ್ಕೆ ಇಳಿಯಲಿ, "ನಾ" ಗಾಂಧಾರ ರಿಷಭಗಳ ಮೂಲಕ ಷಡ್ಜಕ್ಕೆ ಬಂದು ಮುಗಿಯಲಿ. "ಮ ಗ ರಿ ಸ" ಎಂಬುದು ಬಾಗೇಶ್ರೀಯ ಸ್ವಂತ ಮುಕ್ತಾಯವೇ ಆಗಿರುವುದರಿಂದ ರಾಗಕ್ಕೆ ಏನೂ ಕೊರತೆಯಾಗದು. ಈಗಿನ ಧಾಟಿಯಲ್ಲಿ ಸಾಲು ಮಧ್ಯಮದಲ್ಲಿ ನಿಲ್ಲುತ್ತದೆ. ಅದು ಈ ರಾಗದ ವಾದಿ, ಅಂದರೆ ಮುಖ್ಯ ಸ್ವರ, ಬಲವಾಗಿಯೂ ಇಂಪಾಗಿಯೂ ನಿಲ್ಲುತ್ತದೆ. ಆದರೆ ಮಧ್ಯಮದಲ್ಲಿ ನಿಂತ ಸಾಲು ಇನ್ನೂ ಏನೋ ಹೇಳುವುದಿದೆ ಎಂಬ ಭಾವವನ್ನು ಉಳಿಸುತ್ತದೆ, ಷಡ್ಜಕ್ಕೆ ಇಳಿದ ಸಾಲು ಒಪ್ಪಿಕೊಂಡಂತೆ ಮುಗಿಯುತ್ತದೆ. ನಿಮ್ಮದು ತಪ್ಪೊಪ್ಪಿಗೆಯ ಪದ್ಯ. ಒಂದೇ ರಾಗದೊಳಗೆ ಕಾತರವೂ ತಪ್ಪೊಪ್ಪಿಗೆಯೂ ಬರುವುದು ಹೀಗೆ, ಸಾಲು ಎಲ್ಲಿ ಏರಿ ಎಲ್ಲಿ ಇಳಿದು ನಿಲ್ಲುತ್ತದೆ ಎಂಬುದರ ಮೇಲೆ. ರಾಗದ ಹೆಸರಿಗಿಂತ ಇದೇ ಹೆಚ್ಚು ನಿರ್ಣಾಯಕವೆಂದು ನನ್ನ ಅನುಭವ.

ಸಾಲಿನ ಕೊನೆಯ "ನಾ" ಬಗ್ಗೆಯೂ ಒಂದು ಮಾತು. "ಮರೆಯಲಾರೆ" ಎಂದಾಗಲೇ ಹೇಳುವವನು ನಾನು ಎಂಬುದು ಕ್ರಿಯಾಪದದಲ್ಲಿಯೇ ಬಂದಿದೆ. ಆದ್ದರಿಂದ ಕನ್ನಡದಲ್ಲಿ ಹೀಗೆ ಕೊನೆಗೆ ಬರುವ "ನಾ" ಹಗುರವಾದದ್ದು, ಮಾತು ಮುಗಿದ ಮೇಲೆ ತಗ್ಗಿದ ದನಿಯಲ್ಲಿ ಸೇರಿಕೊಳ್ಳುವಂಥದ್ದು. ಅದು ಸಮದ ಮೇಲೆ ಬಿದ್ದು ಉದ್ದಕ್ಕೆ ಎಳೆಯಲ್ಪಟ್ಟರೆ, ಬೇರೆಯವರು ಮರೆತಾರು, ನಾನು ಮರೆಯಲಾರೆ ಎಂಬ ಗತ್ತು ಬರುತ್ತದೆ. ನಾಲ್ಕು ಸಾಲಿನಲ್ಲಿಯೂ ಹಾಗಾದರೆ ತಂಗಿಯ ಪದ್ಯ ಪೂರ್ತಿ ಅಣ್ಣನ ಪದ್ಯವಾಗುತ್ತದೆ. ಸಮದ ಮೇಲೆ ಬಂದರೂ ಚಿಂತೆಯಿಲ್ಲ, ಎರಡೇ ಮಾತ್ರೆಗೆ ಬಿಟ್ಟುಬಿಡಲು ಹೇಳಿ. ಉಳಿದದ್ದು ಖಾಲಿಯಾಗಿರಲಿ, ಅಲ್ಲಿ ಕೊಳಲೂ ಬೇಡ.

ಪುನರಾವರ್ತನೆಯ ವಿಷಯಕ್ಕೆ ಬರುತ್ತೇನೆ. ನಾಡಗೀತೆಯ ಉದಾಹರಣೆ ಇಲ್ಲಿ ಹೊಂದುವುದಿಲ್ಲ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾದ ಮೇಲೆ ಅದನ್ನು ಯಾರ ಧಾಟಿಯಲ್ಲಿ ಹಾಡಬೇಕು, ಎಷ್ಟು ಹೊತ್ತು ಹಾಡಬೇಕು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನು ಗೊತ್ತುಪಡಿಸಿ, ಪೂರ್ಣ ಪಾಠವನ್ನು ಆಲಾಪ ಮತ್ತು ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಹೇಳಿತು. ಅದು ಎಲ್ಲರೂ ಎದ್ದು ನಿಂತು ಕೇಳುವ ಗೀತೆಗೆ, ಎಲ್ಲ ಶಾಲೆಗಳಲ್ಲಿಯೂ ಒಂದೇ ರೀತಿ ಹಾಡಲಿ ಎಂದು ಮಾಡಿದ ವ್ಯವಸ್ಥೆ. ಕುಳಿತು ಕೇಳುವ ಭಾವಗೀತೆಗೆ ಅದನ್ನು ನಿಯಮವೆಂದು ತರುವುದು ಸರಿಯಲ್ಲ. ನಮ್ಮ ಸೀಮೆಯಲ್ಲಿ ಬೇರೂರಿರುವ ಗಮಕವನ್ನೇ ನೋಡಿ. ಅಲ್ಲಿ ತಾಳದ ಹಂಗಿಲ್ಲ, ವಾಚಕರು ಅರ್ಥಕ್ಕೆ ತಕ್ಕಂತೆ ಪದ ಬಿಡಿಸಿಕೊಂಡು ಎಲ್ಲಿ ಬೇಕಾದರೂ ನಿಲ್ಲಬಹುದು. ಭಾವಗೀತೆಯ ಗಾಯಕರಿಗೆ ಆ ಸ್ವಾತಂತ್ರ್ಯವಿಲ್ಲ. ತಾಳಕ್ಕೆ ಕಟ್ಟುಬಿದ್ದ ಹಾಡು ಕೇಳುಗನಿಗಾಗಿ ನಿಂತು ಕಾಯದು. ಒಮ್ಮೆ ಹೇಳಿದಾಗ ತಪ್ಪಿಹೋದದ್ದನ್ನು ಹಿಡಿದುಕೊಳ್ಳಲು ಕೇಳುಗನಿಗೆ ಎರಡನೆಯ ಅವಕಾಶ ಸಿಗುವುದು ಪುನರಾವರ್ತನೆಯಿಂದಲೇ.

ಆದ್ದರಿಂದ ಕೇಳಬೇಕಾದದ್ದು ಯಾವುದು ಮರಳಿ ಬರುತ್ತಿದೆ ಎಂಬುದನ್ನು. ನಿಮ್ಮ ಹಾಡಿನಲ್ಲಿ ಮೊದಲ ಸಾಲನ್ನು ಮಾತ್ರ ಪಲ್ಲವಿ ಮಾಡಲಾಗಿದೆ. ಪ್ರಾರಂಭದಲ್ಲಿ ಎರಡು ಸಲ, ಪ್ರತಿ ನುಡಿಯ ಕೊನೆಗೂ ಮತ್ತೆ, ಹಾಡು ಮುಗಿಯುವಾಗ ಇನ್ನೊಮ್ಮೆ ಅದೇ. ಇಡೀ ಹಾಡಿನಲ್ಲಿ "ನಡೆಸಲಿಲ್ಲ" ಎಂಬ ಪದ ಕೇಳಿಸುವುದು ಒಂದೇ ಒಂದು ಸಲ, ಅದಕ್ಕೆ ಮುಂಚೆ "ಬರುವೆನೆಂದ" ಎಂಬುದು ಮೂರು ಸಲ. ಹಾಳೆಯ ಮೇಲೆ ಇವೆರಡೂ ಸಮ. ಮನೆಗೆ ಹೋಗುವ ಕೇಳುಗನ ಬಾಯಲ್ಲಿ ಉಳಿಯುವುದು ನಿನ್ನ ಊರಿನ ದಾರಿಯನ್ನು ಮರೆಯಲಾರೆ ಎಂಬುದೊಂದೇ. ಪದ್ಯದ ಬೆನ್ನೆಲುಬಾದ ತಪ್ಪಿನ ಮಾತು ಅವನಿಗೆ ನೆನಪೇ ಇರುವುದಿಲ್ಲ. ದಾರಿ ಗೊತ್ತಿದ್ದೂ ಹೋಗಲಿಲ್ಲ ಎಂಬುದು ನಿಮ್ಮ ಸಂಕಟ, ದಾರಿ ಮರೆಯಲಾರೆ ಎಂಬಷ್ಟೇ ಉಳಿದಾಗ ಅದು ಹಂಬಲವಾಗುತ್ತದೆ.

ಮೊದಲ ಎರಡು ಸಾಲುಗಳನ್ನು ಸೇರಿಸಿ ಪಲ್ಲವಿ ಮಾಡಲು ಕೇಳಿ. ಆಗ ಪಲ್ಲವಿ ಬಂದಾಗಲೆಲ್ಲ ದಾರಿಯ ನೆನಪೂ ನಡೆಸದ ಮಾತೂ ಜೊತೆಯಾಗಿಯೇ ಬರುತ್ತವೆ. ಹಾಡು ಸ್ವಲ್ಪ ಉದ್ದವಾಗುತ್ತದೆ, ಎರಡನೆಯ ನುಡಿಯ ನಂತರದ ಮರುಕಳಿಕೆಯನ್ನು ಬಿಟ್ಟರೆ ಅದೂ ಸರಿಹೋಗುತ್ತದೆ. ಬಿಡಿ ಪದಗಳನ್ನು ಮತ್ತೆ ಹಾಡುವುದಾದರೆ ಕೊನೆಯ ತುಂಡು "ನಡೆಸಲಿಲ್ಲ ನಾ" ಎಂಬುದನ್ನು ಬೇಕಾದಷ್ಟು ಸಲ ಹಾಡಲಿ, ಅದು ಪೂರ್ಣ ವಾಕ್ಯ, ಎಷ್ಟು ಸಲ ಹೇಳಿದರೂ ಅದೇ ಅರ್ಥ ಗಟ್ಟಿಯಾಗುತ್ತದೆ. "ಬರುವೆನೆಂದ" ಎಂಬ ಮೊದಲ ತುಂಡನ್ನು ಮಾತ್ರ ಬಿಡಿಸಿ ಹಾಡಬಾರದು. ಮರುಕಳಿಕೆಯಲ್ಲಿ ಧಾಟಿಯನ್ನು ಸ್ವಲ್ಪ ಬದಲಿಸಿದರೆ ಇನ್ನೂ ಒಳ್ಳೆಯದು. ನಿಮ್ಮ ಸಂಗೀತ ಮೇಷ್ಟ್ರಿಗೆ ಆ ತಾರ ಷಡ್ಜದ "ಲಾ" ಬಹಳ ಪ್ರಿಯವಾಗಿದ್ದರೆ (ಇರುತ್ತದೆ, ಚಪ್ಪಾಳೆ ಬಿದ್ದಿರುವುದು ಅಲ್ಲಿಯೇ) ಪ್ರಾರಂಭದಲ್ಲಿ ಒಂದು ಸಲ ಅದನ್ನು ಉಳಿಸಿಕೊಂಡು, ಆಮೇಲಿನ ಪ್ರತಿ ಸಲವೂ ಸಾಲನ್ನು ಷಡ್ಜಕ್ಕೆ ಇಳಿಸಿ ಮುಗಿಸಬಹುದು. ಮೊದಲು ಪ್ರಶ್ನೆಯಂತೆ ಕೇಳಿದ್ದು ಆಮೇಲೆ ಉತ್ತರವಾಗುತ್ತದೆ. ಆದರೆ "ಲಾ" ಮತ್ತು "ರೆ" ನಡುವೆ ಉಸಿರು ಮಾತ್ರ ಆಗಲೂ ಕೂಡದು.

ತಾಳವನ್ನೇ ದಾದ್ರಾಕ್ಕೆ ಬದಲಿಸುವ ದಾರಿಯೂ ಇದೆ. ಗಣಗಳು ತಾವಾಗಿ ಕೂರುತ್ತವೆ, ಎಳೆತ ತಪ್ಪುತ್ತದೆ, ಲಯವನ್ನು ಕೊಂಚ ಏರಿಸಿದರೆ ಇಡೀ ಸಾಲು ಒಂದೇ ಉಸಿರಿಗೆ ದಕ್ಕುತ್ತದೆ. ಆದರೂ ಇದನ್ನು ಎರಡನೆಯ ಆಯ್ಕೆಯಾಗಿಯೇ ಇಟ್ಟುಕೊಳ್ಳಿ. ದಾದ್ರಾ ತೂಗುವ ತಾಳ, ತಬಲಾದವರು ಸ್ವಲ್ಪ ಉತ್ಸಾಹಕ್ಕೆ ಬಿದ್ದು ಚುರುಕು ನಡೆಯ ಲಗ್ಗಿ ನುಡಿಸಿದರೆ ನಿಮ್ಮ ಪಶ್ಚಾತ್ತಾಪ ಜೋಗುಳವೋ ಜಾತ್ರೆಯ ಹಾಡೋ ಆಗಿಬಿಡುತ್ತದೆ. ಕಲಿತ ಧಾಟಿಯನ್ನು ಹಾಡುವ ಹುಡುಗಿಯೂ ಮರೆತು ಹೊಸದಾಗಿ ಕಲಿಯಬೇಕಾಗುತ್ತದೆ, ಕೆಲವು ವಾರ ಹಳೆಯ ಎಳೆತ ನುಸುಳುತ್ತಲೇ ಇರುತ್ತದೆ.

ಇನ್ನು ನಿಮ್ಮ ಪಾಲಿನ ಬದಲಾವಣೆ. ಧಾಟಿಯನ್ನು ಮುಟ್ಟದೆ ನೀವೇ ಮಾಡಬಹುದಾದದ್ದು ಒಂದಿದೆ: "ಬರುವೆನೆಂದ" ಎಂಬುದನ್ನು "ಬರುವೆನೆಂಬ" ಎಂದು ಮಾಡಿ. ಮಾತ್ರೆ ಅಷ್ಟೇ, ಅನುಸ್ವಾರವೂ ಅಲ್ಲಿಯೇ ಇದೆ, ಹಾಡುವವರಿಗೆ ಏನೂ ವ್ಯತ್ಯಾಸವಾಗದು. "ಎಂಬ" ಎಂಬುದು ಇಂದಿನ ಕನ್ನಡದಲ್ಲಿ ಪೂರ್ಣ ಕ್ರಿಯಾಪದವಾಗಲಾರದು, ಅಲ್ಲಿ ಎಷ್ಟು ಹೊತ್ತು ನಿಂತರೂ ಕೇಳುಗ ಮುಂದಿನ ನಾಮಪದಕ್ಕಾಗಿ ಕಾಯಲೇಬೇಕು. ಕಳೆದುಕೊಳ್ಳುವುದೂ ಸ್ವಲ್ಪ ಇದೆ: "ಎಂದ" ಎಂಬಲ್ಲಿ ನೀವು ಬಾಯಿಬಿಟ್ಟು ಹೇಳಿದ ಆ ಗಳಿಗೆಯ ನೆನಪಿತ್ತು, "ಎಂಬ" ಎಂದಾಗ ಮಾತು ಉಳಿಯುತ್ತದೆ, ಹೇಳಿದ ಗಳಿಗೆ ಮಸುಕಾಗುತ್ತದೆ. ಅಚ್ಚಿನಲ್ಲಿ ಹಳೆಯದನ್ನೇ ಉಳಿಸಿಕೊಂಡು ಹಾಡಿಗೆ ಮಾತ್ರ ಇದನ್ನು ಕೊಡಬಹುದು. ಕವಿಯೇ ಒಪ್ಪಿ ಮಾಡಿದ ಪಾಠಾಂತರಕ್ಕೆ ಯಾರ ಆಕ್ಷೇಪವೂ ಇರಲಾರದು. ಹಾಡುವವರು ತಾವಾಗಿ ಪದ ತಿದ್ದುವುದನ್ನು ಮಾತ್ರ ಒಪ್ಪಬೇಡಿ.

ನಾಲ್ಕನೆಯ ಸಾಲನ್ನು "ಬಾಗಿಲಲ್ಲಿ ತಂಗಿ ನಿನ್ನ ನೋಡಲಾರೆ ನಾ" ಎಂದು ತಿದ್ದಿದರೂ ಮಾತ್ರೆ ಸರಿಹೋಗುತ್ತದೆ, ಯಾರಿಗೆ ಬರೆದದ್ದು ಎಂಬ ಪ್ರಶ್ನೆಯೂ ಏಳುವುದಿಲ್ಲ. ಆದರೆ ಬಾಗಿಲಲ್ಲಿ ನಿಂತವಳ ಚಿತ್ರ ಹೋಗುತ್ತದೆ. ನನಗೆ ಆ "ನಿಂತ" ಬೇಕು. ಮೂರನೆಯ ಸಾಲಿನಲ್ಲಿ ಹೊರಟು ನಿಂತ ಅಣ್ಣ, ನಾಲ್ಕನೆಯದರಲ್ಲಿ ಬಾಗಿಲಲ್ಲಿ ನಿಂತ ತಂಗಿ, ಈ ಎರಡು ನಿಲುವುಗಳ ಮೇಲೆ ನುಡಿ ನಿಂತಿದೆ. ಅದನ್ನು ಹಾಗೆಯೇ ಬಿಟ್ಟು, ಗಾಯಕಿಯ ಉಸಿರನ್ನು "ಬಾಗಿಲಲ್ಲಿ" ಎಂಬಲ್ಲಿಗೆ ಸರಿಸುವುದೇ ಲೇಸು. ತಂಗಿ ಎಂಬ ಸಂಬೋಧನೆ ಎರಡನೆಯ ಅಥವಾ ಮೂರನೆಯ ನುಡಿಯಲ್ಲಿ ಎಲ್ಲಾದರೂ ಒಮ್ಮೆ ಬರುವಂತಿದ್ದರೆ ನೋಡಿ. ಹಾಳೆಯ ಮೇಲೆ ಶೀರ್ಷಿಕೆ ಹೇಳುವುದನ್ನು ಹಾಡಿನೊಳಗೆ ಬೇರೆ ಯಾರೂ ಹೇಳುವುದಿಲ್ಲ.

ಸಂಗೀತ ಮೇಷ್ಟ್ರ ಬಳಿ ಹೋಗುವಾಗ ಅರ್ಥ ಕೆಟ್ಟಿದೆ ಎಂಬ ದೂರು ಒಯ್ಯಬೇಡಿ. ಕವನವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಉಸಿರು ತೆಗೆದುಕೊಳ್ಳಬಹುದಾದ ಕಡೆಗಳಲ್ಲಿ ಒಂದು ಓರೆಗೆರೆ ಎಳೆದು, ಕೂಡಿಸಿಯೇ ಹಾಡಬೇಕಾದ ಪದಗಳ ಕೆಳಗೆ ಒಂದು ಕಮಾನು ಬರೆದುಕೊಂಡು ಹೋಗಿ. ಮೊದಲು ಅವರ ಎದುರಿಗೆ ಸ್ವರವಿಲ್ಲದೆ, ಈಗ ಹಾಡುತ್ತಿರುವ ಜಾಗಗಳಲ್ಲಿಯೇ ನಿಲ್ಲಿಸಿ ಓದಿ: ಬರುವೆನೆಂದ. ಬರುವೆನೆಂದ. ಬಾಗಿಲಲ್ಲಿ ನಿಂತ. ನಿನ್ನ ನೋಡಲಾ. ಸ್ವರ ಕಳಚಿದ ಮೇಲೆ ಏನಾಗಿದೆ ಎಂಬುದು ಅವರಿಗೇ ತಿಳಿಯುತ್ತದೆ, ನೀವು ಹೆಚ್ಚು ವಾದಿಸಬೇಕಾಗಿಲ್ಲ.

ತಿದ್ದಿ ಹಾಡಿಸಿದ ಮೇಲೆ ಅದು ಸರಿಹೋಯಿತೋ ಇಲ್ಲವೋ ಎಂದು ನೀವೂ ಅವರೂ ತೀರ್ಮಾನಿಸಲು ಹೋಗಬೇಡಿ, ಪದ್ಯ ಬಾಯಿಪಾಠವಾಗಿರುವ ನಿಮ್ಮಿಬ್ಬರ ಕಿವಿಗೆ ಎಲ್ಲಿ ತುಂಡಾದರೂ ಕೂಡಿಯೇ ಕೇಳಿಸುತ್ತದೆ. ಫೋನಿನಲ್ಲಿ ಧ್ವನಿ ಹಿಡಿದುಕೊಂಡು, ಕವನವನ್ನು ನೋಡಿರದ ಒಂದಿಬ್ಬರಿಗೆ, ಬೇಕಾದರೆ ನಿಮ್ಮ ತರಗತಿಯ ಮಕ್ಕಳಿಗೇ ಕೇಳಿಸಿ. ಶೀರ್ಷಿಕೆ ಹೇಳದೆ, ಯಾರು ಯಾರಿಗೆ ಹೇಳುತ್ತಿದ್ದಾರೆ, ಏನು ನಡೆದಿದೆ ಎಂದು ಎರಡು ಸಾಲು ಬರೆಯಲು ಹೇಳಿ. ಒಬ್ಬನು ಕೊಟ್ಟ ಮಾತು ನಡೆಸಲಿಲ್ಲ ಎಂಬುದು ಬಂದರೆ ಎರಡನೆಯ ಸಾಲು ಸರಿಹೋಗಿದೆ. ಹೇಳುವವನ ಬದಲು ಕಾಯುವವಳೇ ಮತ್ತೆ ಬಂದರೆ "ನಿಂತ" ಎಂಬಲ್ಲಿ ಉಸಿರು ಇನ್ನೂ ಉಳಿದಿದೆ ಎಂದು ತಿಳಿದು ನಾಲ್ಕನೆಯ ಸಾಲನ್ನು ಇನ್ನೊಮ್ಮೆ ಕೇಳಿ.